ಒಟಿಪಿ ಯಾರ ಫೋನಿಗೆ ಹೋಗುತ್ತದೆ?

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿ ನನಗೆ ಎಂಟು ದಿನವಾಗಿತ್ತು. ಅಂದು ತಿಂಗಳ 11ನೇ ತಾರೀಖು, ಸಂಜೆ ಆರೂವರೆ. ಹಿಂದಿನ ತಿಂಗಳ ಮಾರಾಟದ ವಿವರ ತುಂಬುವ ಜಿಎಸ್‌ಟಿಆರ್-1 ಅನ್ನು ರಾತ್ರಿಯೊಳಗೆ ಸಲ್ಲಿಸಬೇಕಿತ್ತು. ಬಿಲ್ಲುಗಳೆಲ್ಲ ಸರಿಯಿದ್ದವು, ಮೊತ್ತವೂ ತಾಳೆಯಾಗಿತ್ತು. ಕೊನೆಯ ಬಟನ್ ಒತ್ತಿದೆ. ಒಟಿಪಿ ಹೋಯಿತು, ಆದರೆ ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದವರ ಮೊಬೈಲಿಗೆ. ಅವರು ಊರಿಗೆ ಹೋಗುವ ರೈಲಿನಲ್ಲಿದ್ದರು. ಫೋನು ಒಮ್ಮೆ ರಿಂಗಾಗಿ ಆಮೇಲೆ ಸಿಗಲೇ ಇಲ್ಲ.

ಅದೊಂದು ಪಾಲುದಾರಿಕೆ ಸಂಸ್ಥೆ. ಇಂಥ ಸಂಸ್ಥೆಗಳು ರಿಟರ್ನ್‌ಗೆ ಒಟಿಪಿ ಮೂಲಕವೇ ಸಹಿ ಹಾಕಬಹುದು. ಕಂಪನಿಗಳಿಗಾದರೆ ಡಿಜಿಟಲ್ ಸಹಿ ಬೇಕು. ನೋಂದಣಿಯಲ್ಲಿ ಅಧಿಕೃತ ಸಹಿದಾರರಾಗಿ ಇದ್ದವರು ಇಬ್ಬರು. ಒಬ್ಬರು ಹಳೆಯ ಅಕೌಂಟೆಂಟ್. ಇನ್ನೊಬ್ಬರು ಪಾಲುದಾರರು, ಆದರೆ ಅವರ ಹೆಸರಿನ ಮುಂದಿದ್ದ ನಂಬರು ಅವರು ಬಿಟ್ಟು ಎಷ್ಟೋ ವರ್ಷವಾಗಿದ್ದ ಸಿಮ್ಮಿನದು. ಹೀಗಾಗಿ ಇಡೀ ಕಾರ್ಖಾನೆಯ ಸಹಿ ರೈಲಿನಲ್ಲಿದ್ದ ಒಬ್ಬರ ಜೇಬಿನಲ್ಲಿ ಉಳಿದುಬಿಟ್ಟಿತ್ತು.

ಅವರು ಹೊರಡುವ ದಿನ ನನಗೊಂದು ಇಮೇಲ್ ಬರೆದಿದ್ದರು. ಮೂರೇ ಸಾಲು: “ಎಲ್ಲಾ ಫೈಲುಗಳು ನನ್ನ ಫೋಲ್ಡರಿನಲ್ಲಿವೆ. ಹೇಳುವಂಥ ಬಾಕಿ ಏನೂ ಇಲ್ಲ. ಏನಾದರೂ ಬೇಕಾದರೆ ಕರೆ ಮಾಡಿ.” ಅವರು ಒಳ್ಳೆಯವರು, ಕೆಲಸದಲ್ಲಿ ಅಚ್ಚುಕಟ್ಟು. ಆ ಮೂರು ಸಾಲನ್ನೂ ಮನಸಾರೆ ಬರೆದಿದ್ದರು. ಹಾಗಿದ್ದರೂ ಒಂದೊಂದು ಸಾಲೂ ಮುಂದಿನ ಎರಡು ತಿಂಗಳಲ್ಲಿ ಒಂದೊಂದು ಸಲ ನನ್ನನ್ನು ಸಿಕ್ಕಿಸಿಹಾಕಿತು. ಆರು ವರ್ಷದ ನಂತರ ನಾನು ಅದೇ ಕುರ್ಚಿ ಬಿಟ್ಟು ಹೊರಟಾಗ ಬರೆದ ಇಮೇಲ್‌ಗೆ ಆ ಮೂರು ಸಾಲೇ ಪಾಠ. ಕೆಲಸ ಬಿಡುವವರು ಅವರ ಜಾಗಕ್ಕೆ ಬರುವವರಿಗೆ ಏನು ಬರೆಯಬೇಕು ಎನ್ನುವುದನ್ನು ಆ ಅನುಭವದಿಂದಲೇ ಹೇಳುತ್ತೇನೆ.

ಮೊದಲು ಒಟಿಪಿಯ ಕತೆ ಮುಗಿಸುತ್ತೇನೆ. ಮರುದಿನ ಬೆಳಿಗ್ಗೆ ಅವರು ಸಿಕ್ಕಿದರು, ಆರು ಅಂಕಿ ಹೇಳಿದರು, ರಿಟರ್ನ್ ಹೋಯಿತು. ಒಂದು ದಿನ ತಡವಾದರೆ ಏನು ಮಹಾ ಎನಿಸಬಹುದು. ಜಿಎಸ್‌ಟಿಆರ್-1 ಹೋಗದೆ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ ಸಲ್ಲಿಸಲು ಆಗುವುದಿಲ್ಲ. ಅದಕ್ಕೆ 20ರ ಗಡುವಿತ್ತು, ಸಮಯವಿತ್ತು. ತೊಂದರೆಯಾದದ್ದು ಬೇರೆ ಕಡೆ. ನಮ್ಮಿಂದ ಮಾಲು ಕೊಂಡವರು ನಮಗೆ ಕೊಟ್ಟ ತೆರಿಗೆಯನ್ನು ತಮ್ಮ ಲೆಕ್ಕದಲ್ಲಿ ಕಳೆದುಕೊಳ್ಳಬೇಕಾದರೆ, ಅದು ಅವರ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿಯಲ್ಲಿ ಕಾಣಿಸಬೇಕು. ಆ ಪಟ್ಟಿ ತಿಂಗಳ 14ಕ್ಕೆ ತಯಾರಾಗುತ್ತದೆ. ಅದರಲ್ಲಿ ಆ ತಿಂಗಳಿಗೆ ಸೇರುವುದು 11ರೊಳಗೆ ಸಲ್ಲಿಕೆಯಾದ ಬಿಲ್ಲುಗಳು. ನಾವು ಸಲ್ಲಿಸಿದ್ದು 12ಕ್ಕೆ. ನಮ್ಮ ಬಿಲ್ಲುಗಳು ಕೊಂಡವರ ಮುಂದಿನ ತಿಂಗಳ ಪಟ್ಟಿಗೆ ಹೋದವು. ನಮ್ಮ ದೊಡ್ಡ ಗಿರಾಕಿಯೊಬ್ಬರು “ನಿಮ್ಮ ಬಿಲ್ಲು ಕಾಣುತ್ತಿಲ್ಲ” ಎಂದು ಪಾವತಿಯನ್ನು ಒಂದು ತಿಂಗಳು ತಡೆಹಿಡಿದರು. ಆ ತಿಂಗಳ ಸಂಬಳಕ್ಕೆ ಪಾಲುದಾರರು ಓಡಿಯ ಮೊರೆ ಹೋಗಬೇಕಾಯಿತು.

ಇಷ್ಟಕ್ಕೆಲ್ಲ ಪರಿಹಾರ ಹೊರಡುವ ಮೊದಲು ಕೂತು ಮಾಡಬಹುದಾದ ಒಂದು ಗಂಟೆಯ ಕೆಲಸ. ಜಿಎಸ್‌ಟಿ ಪೋರ್ಟಲಿನ ನೋಂದಣಿ ತಿದ್ದುಪಡಿ ವಿಭಾಗದಲ್ಲಿ `Amendment of Registration Non-Core Fields` ಎನ್ನುವ ಆಯ್ಕೆ ಇದೆ. ಅಲ್ಲಿ ಹೊಸ ಸಹಿದಾರರ ವಿವರ, ಅಧಿಕಾರ ಪತ್ರ ಸೇರಿಸಿ, ಅವರ ಮೊಬೈಲ್ ಮತ್ತು ಇಮೇಲನ್ನು ಪರಿಶೀಲನೆ ಮಾಡಿಸಿ, ಅವರನ್ನೇ ಮುಖ್ಯ ಸಹಿದಾರರೆಂದು ಗುರುತಿಸಬೇಕು. ಇದಕ್ಕೆ ಅಧಿಕಾರಿಯ ಒಪ್ಪಿಗೆ ಬೇಕಿಲ್ಲ. ಆದರೆ ಈ ತಿದ್ದುಪಡಿಗೂ ಹಾಲಿ ಸಹಿದಾರರೇ ಸಹಿ ಹಾಕಬೇಕು. ಹಳಬರು ಹೋದಮೇಲೆ ಇದನ್ನು ಮಾಡಹೊರಟರೆ ಬೀಗದ ಕೈ ಮನೆಯೊಳಗೇ ಇಟ್ಟು ಬಾಗಿಲು ಹಾಕಿಕೊಂಡಂತೆ. ಹಳಬರು ಸಿಗದೇ ಹೋದರೆ ದಾಖಲೆ ಹಿಡಿದು ವ್ಯಾಪ್ತಿಯ ತೆರಿಗೆ ಕಚೇರಿಗೆ ಹೋಗಿ ನಂಬರು ಬದಲಿಸಿಕೊಡಿ ಎಂದು ಅರ್ಜಿ ಹಾಕಬೇಕು. ಆಗುತ್ತದೆ, ಆದರೆ 11ರ ರಾತ್ರಿಯೊಳಗೆ ಆಗುವುದಿಲ್ಲ. ಇಲಾಖೆಯ ನೋಟಿಸುಗಳ ಸುದ್ದಿ ಬರುವುದೂ ಇದೇ ಇಮೇಲ್ ಮತ್ತು ನಂಬರಿಗೆ ಎನ್ನುವುದನ್ನೂ ಮರೆಯಬಾರದು.

ಹಾಗಾಗಿ ನನ್ನ ಇಮೇಲಿನ ಮೊದಲ ಭಾಗ ಕೆಲಸಗಳ ಪಟ್ಟಿಯಲ್ಲ. ಯಾವ ಜಾಲತಾಣದ ಒಟಿಪಿ ಯಾರಿಗೆ ಹೋಗುತ್ತದೆ ಎನ್ನುವುದು. ಜಿಎಸ್‌ಟಿ, ಟಿಡಿಎಸ್, ಪಿಎಫ್, ಇಎಸ್‌ಐ, ವೃತ್ತಿ ತೆರಿಗೆ, ಇ-ವೇ ಬಿಲ್, ಬ್ಯಾಂಕು. ಒಂದೊಂದರ ಮುಂದೆಯೂ “ಬದಲಾಗಿದೆ, ಜೂನ್ 20ರಂದು ನಿಮ್ಮ ನಂಬರಿನಲ್ಲಿ ಪರೀಕ್ಷಿಸಿದ್ದೇವೆ” ಅಥವಾ “ಇನ್ನೂ ನನ್ನ ನಂಬರಿನಲ್ಲೇ ಇದೆ, ಕಾರಣ ಇದು” ಎಂದು ಬರೆದೆ. ಪಾಸ್‌ವರ್ಡುಗಳನ್ನು ಮಾತ್ರ ಬರೆಯಲಿಲ್ಲ. ಇಮೇಲು ನಕಲಾಗುತ್ತದೆ, ಫಾರ್ವರ್ಡ್ ಆಗುತ್ತದೆ, ವರ್ಷಗಟ್ಟಲೆ ಯಾರದೋ ಇನ್‌ಬಾಕ್ಸಿನಲ್ಲಿ ಉಳಿಯುತ್ತದೆ. ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರೇ ಹೊಸ ಪಾಸ್‌ವರ್ಡ್ ಹಾಕುವಂತೆ ಮಾಡಿದೆ. ನನ್ನ ಹೆಸರಿನ ಡಿಜಿಟಲ್ ಸಹಿಯ ಟೋಕನ್ನನ್ನೂ ಬಿಟ್ಟುಬರಲಿಲ್ಲ. “ಇರಲಿ ಬಿಡಿ, ಅವಧಿ ಇನ್ನೂ ಇದೆಯಲ್ಲ” ಎಂದು ಅದನ್ನು ಡ್ರಾಯರಿನಲ್ಲೇ ಬಿಟ್ಟುಹೋಗುವ ರೂಢಿ ಎಷ್ಟೋ ಕಡೆ ಇದೆ. ಅದು ತನ್ನ ಸಹಿಯನ್ನೇ ಖಾಲಿ ಕಾಗದದ ಮೇಲೆ ಹಾಕಿಕೊಟ್ಟು ಹೋದಂತೆ. ನಾಳೆ ಆ ಸಹಿಯಿಂದ ಏನು ಹೋದರೂ ಉತ್ತರ ಹೇಳಬೇಕಾದವರು ನಾವು.

“ಹೇಳುವಂಥ ಬಾಕಿ ಏನೂ ಇಲ್ಲ” ಎನ್ನುವ ಎರಡನೇ ಸಾಲು ಮೂರರಲ್ಲೂ ದುಬಾರಿಯದು. ಬಾಕಿಯಿಲ್ಲದ ಮೇಜು ಯಾವ ಕಚೇರಿಯಲ್ಲೂ ಇರುವುದಿಲ್ಲ. ಬರೆದವರು ಸುಳ್ಳು ಹೇಳಿರಲಿಲ್ಲ. ತಮ್ಮ ಕೈಯಲ್ಲಿ ಕೆಲಸ ಬಾಕಿಯಿಲ್ಲ ಎಂಬ ಅರ್ಥದಲ್ಲಿ ಬರೆದಿದ್ದರು. ಕಾಗದ ತಮ್ಮ ಮೇಜು ದಾಟಿ ಇನ್ನೊಬ್ಬರ ಸಹಿಗೆ ಹೋದರೆ ನಮ್ಮ ಮನಸ್ಸು ಅದನ್ನು ಮುಗಿದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಬರುವವರನ್ನು ಕಾಡುವುದು ಇಂಥವೇ, ಅವರಿಗೆ ಕಾಣದೆ ಬೇರೆಯವರ ಮೇಜಿನ ಮೇಲೆ ಕಾಯುತ್ತಿರುವ ಕಾಗದಗಳು.

ನಾನು ಬಿಡುವಾಗ ಇಂಥ ಅನುಮೋದನೆಗಳು ಐದಿದ್ದವು. ಅದರಲ್ಲಿ ಒಂದನ್ನು ಪೂರ್ತಿ ಹೇಳುತ್ತೇನೆ. ಮೊತ್ತ ಮತ್ತು ತಾರೀಖುಗಳನ್ನು ಸ್ವಲ್ಪ ಬದಲಿಸಿದ್ದೇನೆ, ಲೆಕ್ಕದ ದಾರಿ ಅದೇ. ಒಬ್ಬ ಸಣ್ಣ ತಯಾರಕರಿಂದ 50 ಫಿಕ್ಸ್‌ಚರ್ ತರಿಸಿದ್ದೆವು. ಒಂದಕ್ಕೆ ₹4,000, ತೆರಿಗೆ ಸೇರಿ ಬಿಲ್ಲು ₹2,36,000. ಮಾಲು ಬಂದದ್ದು ಜೂನ್ 3. ಕ್ಯೂಸಿಯವರು ಆರು ಪೀಸಿನಲ್ಲಿ ತೂತಿನ ಜಾಗ ಸರಿಯಿಲ್ಲ ಎಂದು ಬದಿಗಿಟ್ಟರು. ದೊಡ್ಡ ಪಾಲುದಾರರು “ಆ ಆರರ ಕತೆ ಮುಗಿಯಲಿ, ಆಮೇಲೆ ಸಹಿ” ಎಂದರು. ನನ್ನ ಹಿಂದಿನವರಾಗಿದ್ದರೆ ಇದು ಇಮೇಲಿಗೆ ಬರುತ್ತಲೇ ಇರಲಿಲ್ಲ. ಬಂದರೂ “ಫಿಕ್ಸ್‌ಚರ್ ಬಿಲ್, ಅಪ್ರೂವಲ್ ಪೆಂಡಿಂಗ್” ಎಂಬ ನಾಲ್ಕು ಪದ.

ಆ ನಾಲ್ಕು ಪದದಲ್ಲಿ ಗಡಿಯಾರ ಕಾಣುವುದಿಲ್ಲ. ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣಕ್ಕೆ 2006ರ ಕಾನೂನು ಮಿತಿ ಹಾಕಿದೆ. ಲಿಖಿತ ಒಪ್ಪಂದದಲ್ಲಿ ಎಷ್ಟೇ ದಿನ ಬರೆದುಕೊಂಡಿರಲಿ, ಮಾಲು ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಮಾಲಿನ ಬಗ್ಗೆ ತಕರಾರಿದ್ದರೆ ದಿನದ ಎಣಿಕೆ ಮುಂದಕ್ಕೆ ಹೋಗುತ್ತದೆ ನಿಜ, ಆದರೆ ಮಾಲು ತಲುಪಿದ 15 ದಿನದೊಳಗೆ ಆ ತಕರಾರನ್ನು ಬರೆದು ತಿಳಿಸಿರಬೇಕು. ನಾವು ಹೇಳಿದ್ದು ಫೋನಿನಲ್ಲಿ. ಜೂನ್ 18 ದಾಟಿಹೋಗಿತ್ತು. ಅಂದರೆ ಕಾನೂನಿನ ಕಣ್ಣಿನಲ್ಲಿ ಐವತ್ತೂ ಪೀಸನ್ನು ಜೂನ್ 3ಕ್ಕೇ ಒಪ್ಪಿಕೊಂಡಂತೆ, ಕೊನೆಯ ದಿನ ಜುಲೈ 18. ನಾನು ಹೊರಡುವುದು ಜೂನ್ 28. ಪಾಲುದಾರರು ಸಹಿ ತಡೆದಿದ್ದಾರೆ, ಎಣಿಕೆ ನಿಂತಿಲ್ಲ, ಹೊಸಬರಿಗೆ ಇದ್ದದ್ದು 20 ದಿನ.

ಇದನ್ನು ನಾನು ಹೀಗೆ ಬರೆದೆ:

“ಫಿಕ್ಸ್‌ಚರ್ ಬಿಲ್, ₹2,36,000. ಮಾಲು ಬಂದದ್ದು ಜೂನ್ 3. ಆರು ಪೀಸ್ ರಿಜೆಕ್ಟ್ ಆಗಿವೆ, ಕ್ಯೂಸಿ ವರದಿ ಬಿಲ್ಲಿನ ಜೊತೆಗಿದೆ. ಇದನ್ನು ಸಪ್ಲೈಯರ್‌ಗೆ ಬರೆದು ತಿಳಿಸಬೇಕಿತ್ತು, ಫೋನಿನಲ್ಲಿ ಮಾತ್ರ ಹೇಳಿದೆ. ಇದು ನನ್ನ ಲೋಪ. ಆರಕ್ಕೆ ಕ್ರೆಡಿಟ್ ನೋಟ್ ಕೊಡುತ್ತೇವೆ ಎಂದು ಅವರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ, ತೆರಿಗೆ ಸೇರಿ ₹28,320. ಅದನ್ನು ನೆನಪಿಸಿ ನಿನ್ನೆ ಅವರಿಗೆ ಮೇಲ್ ಹಾಕಿದ್ದೇನೆ, ನೀವೂ ಅದರಲ್ಲಿದ್ದೀರಿ. ನೋಟ್ ಬಂದರೆ ಉಳಿದ ₹2,07,680ಕ್ಕೆ ದೊಡ್ಡ ಸರ್ ಸಹಿ ಮಾಡುತ್ತಾರೆ, ಜೂನ್ 25ರಂದು ಹೇಳಿದ್ದಾರೆ. ನೋಟ್ ಬರಲಿ ಬಿಡಲಿ, ಜುಲೈ 18 ದಾಟಬಾರದು. 8ರವರೆಗೂ ಬಾರದಿದ್ದರೆ ಈ ಸಾಲುಗಳನ್ನು ಸರ್‌ಗೆ ತೋರಿಸಿ.”

ಯಾರ ಸಹಿ, ಯಾವತ್ತಿನಿಂದ ಕಾಯುತ್ತಿದೆ, ಏನಾದರೆ ಸಹಿ ಬೀಳುತ್ತದೆ, ಬೀಳದಿದ್ದರೆ ಯಾವತ್ತು ಏನಾಗುತ್ತದೆ. ಈ ನಾಲ್ಕಕ್ಕೂ ಉತ್ತರವಿಲ್ಲದೆ “ಅನುಮೋದನೆ ಬಾಕಿ” ಎಂದು ಬರೆದರೆ, ಓದಿದವರು ಅದು ತಾನಾಗಿಯೇ ಬರುತ್ತದೆ ಎಂದು ಕಾಯುತ್ತಾರೆ. ಬಾಯಿಮಾತಿನಲ್ಲಿ ಆದದ್ದನ್ನು ಬಾಯಿಮಾತು ಎಂದೇ ಬರೆಯುವುದೂ ಅಷ್ಟೇ ಮುಖ್ಯ. “ಸಪ್ಲೈಯರ್ ಒಪ್ಪಿದ್ದಾರೆ” ಎಂದಷ್ಟೇ ಬರೆದಿದ್ದರೆ ಹೊಸಬರು ಎಲ್ಲೋ ಒಂದು ಪತ್ರವಿದೆ ಎಂದು ತಿಳಿದು ಕಪಾಟು ಹುಡುಕುತ್ತಿದ್ದರು.

“ನನ್ನ ಲೋಪ” ಎಂದು ಬರೆಯುವಾಗ ಕೈ ತಡೆಯಿತು. ಬಿಟ್ಟುಹೋಗುವ ದಿನ ಎಲ್ಲರೂ ಹಾರ ಹಾಕಿ ಒಳ್ಳೆಯ ಮಾತಾಡುತ್ತಿರುವಾಗ ತಪ್ಪನ್ನು ಅಕ್ಷರದಲ್ಲಿ ಇಡುವುದು ಕಷ್ಟ. ಆದರೆ ಎಲ್ಲಿ ಜಾರಿದೆವು ಎಂದು ಗೊತ್ತಿರುವವರು ನಾವೊಬ್ಬರೇ. ನಾವು ಮುಚ್ಚಿಟ್ಟರೆ ಅದನ್ನು ಕಂಡುಹಿಡಿಯುವ ಕೆಲಸವೂ ಹೊಸಬರ ತಲೆಗೇ ಬರುತ್ತದೆ, ಎಷ್ಟೋ ಸಲ ಆ ತಪ್ಪು ಅವರದೇ ಎಂದಾಗಿಬಿಡುತ್ತದೆ.

ಇನ್ನು ಫೈಲುಗಳು. “ನನ್ನ ಫೋಲ್ಡರಿನಲ್ಲಿವೆ” ಎಂದದ್ದು ಸತ್ಯವೇ ಆಗಿತ್ತು. ಆದರೆ ಆ ಫೋಲ್ಡರು ಅವರ ಸ್ವಂತ ಲಾಗಿನ್ನಿನ ಕ್ಲೌಡ್ ಜಾಗದಲ್ಲಿತ್ತು. ಕೆಲಸ ಬಿಟ್ಟವರ ಲಾಗಿನ್ ಅಳಿಸುವುದು ಕಚೇರಿಯ ಸಹಜ ಕ್ರಮ. ಮೈಕ್ರೋಸಾಫ್ಟ್ 365ರಲ್ಲಿ ಬೇರೆ ವ್ಯವಸ್ಥೆ ಮಾಡಿರದಿದ್ದರೆ, ಲಾಗಿನ್ ಅಳಿಸಿದ ಮೇಲೆ ಅವರ ಒನ್‌ಡ್ರೈವ್ ಉಳಿಯುವುದು 30 ದಿನ. ಗೂಗಲ್ ವರ್ಕ್‌ಸ್ಪೇಸಿನಲ್ಲಿ ಅಳಿಸಿದ ಲಾಗಿನ್ನನ್ನು ವಾಪಸು ಪಡೆಯಲು ಇರುವುದು 20 ದಿನ. ಮೊದಲ ಮೂರು ವಾರ ಎಲ್ಲ ಲಿಂಕುಗಳೂ ತೆರೆಯುತ್ತಿದ್ದುದರಿಂದ ನನಗೆ ಅನುಮಾನವೇ ಬರಲಿಲ್ಲ. ಆಡಿಟರ್ ಹಳೆಯ ಸ್ಥಿರಾಸ್ತಿ ಪಟ್ಟಿ ಕೇಳಿದ ದಿನ ಲಿಂಕು ಒತ್ತಿದರೆ ಖಾಲಿ ಪುಟ. ಆ ಪಟ್ಟಿಯನ್ನು ಹಳೆಯ ಬಿಲ್ಲುಗಳಿಂದ ಮತ್ತೆ ಕಟ್ಟಲು ಒಂಬತ್ತು ದಿನ ಹಿಡಿಯಿತು.

ಆದ್ದರಿಂದ ಮೊದಲು ಫೈಲುಗಳನ್ನು ವಿಭಾಗದ ಜಾಗಕ್ಕೆ ಸಾಗಿಸಿ, ಆಮೇಲೆ ದಾರಿ ಬರೆಯಬೇಕು. ಮುಖ್ಯವಾದ ನಾಲ್ಕೈದಕ್ಕೆ ಪೂರ್ತಿ ದಾರಿ ಕೊಟ್ಟರೆ ಸಾಕು, ಹೀಗೆ:

```
S:\Accounts\GST\2B-Reconciliation\2B_Live.xlsx
S:\Accounts\FixedAssets\FA_Register.xlsx
D:\TallyData\100003
```

ಮೊದಲ ಸಾಲಿನಲ್ಲಿ `Live` ಎಂದಿರುವುದಕ್ಕೆ ಕಾರಣವಿದೆ. ಅದೇ ಫೋಲ್ಡರಿನಲ್ಲಿ `Final`, `Final2` ಎಂಬ ಹೆಸರಿನವೂ ಇದ್ದವು. ಯಾವುದರಲ್ಲಿ ಈಗಲೂ ಕೆಲಸ ನಡೆಯುತ್ತಿದೆ, ಯಾವುದು ಸತ್ತದ್ದು ಎಂದು ಹೇಳದಿದ್ದರೆ ಹೊಸಬರು ಸತ್ತದ್ದರಲ್ಲೇ ಒಂದು ತಿಂಗಳು ತುಂಬುತ್ತಾರೆ. ಮೂರನೆಯದು ಟ್ಯಾಲಿ ಲೆಕ್ಕದ ಫೋಲ್ಡರು. ಟ್ಯಾಲಿ ಒಂದೊಂದು ಕಂಪನಿಯ ಲೆಕ್ಕವನ್ನೂ ಬರೀ ಸಂಖ್ಯೆಯ ಹೆಸರಿನ ಫೋಲ್ಡರಿನಲ್ಲಿ ಇಡುತ್ತದೆ. ವರ್ಷದ ಲೆಕ್ಕ ಬೇರ್ಪಡಿಸಿದ್ದರೆ ಅಂಥವು ಎರಡು ಮೂರಿರುತ್ತವೆ, ಹೊರಗಿನಿಂದ ನೋಡಿದರೆ ಯಾವುದು ಯಾವ ವರ್ಷದ್ದೋ ತಿಳಿಯುವುದಿಲ್ಲ. ಟ್ಯಾಲಿವಾಲ್ಟ್ ಎಂಬ ಬೀಗ ಹಾಕಿದ್ದರಂತೂ ಆ ಪಾಸ್‌ವರ್ಡ್ ಕಳೆದುಹೋದರೆ ಲೆಕ್ಕ ಮತ್ತೆ ತೆರೆಯುವುದಿಲ್ಲ. ಅದನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಅಂಟುಹಾಕಿ ಪಾಲುದಾರರ ಕೈಗೆ ಕೊಟ್ಟೆ. ಇಮೇಲಿನಲ್ಲಿ ಬರೆದದ್ದು ಲಕೋಟೆ ಯಾರ ಬಳಿ ಇದೆ ಎಂದಷ್ಟೇ.

ಕಾಗದದ ಫೈಲುಗಳಿಗೂ ವಿಳಾಸ ಬೇಕು. ಎಡಗಡೆಯ ಕಪಾಟು, ಎರಡನೇ ಅರೆ, ಹಸಿರು ಬಾಕ್ಸ್ ಫೈಲು, ಬೆನ್ನಿನ ಮೇಲೆ “ಗೋಡೌನ್ ಬಾಡಿಗೆ ಕರಾರು”. ಸರ್ಕಾರಿ ಕಚೇರಿಗಳಲ್ಲಿ ವರ್ಗವಾದವರು ಚಾರ್ಜ್ ಕೊಡುವಾಗ ಕಡತ, ರಿಜಿಸ್ಟರು, ಬೀಗದ ಕೈಗಳ ಪಟ್ಟಿ ಮಾಡಿ ಕೊಟ್ಟವರೂ ತೆಗೆದುಕೊಂಡವರೂ ಸಹಿ ಹಾಕುತ್ತಾರೆ. ಖಾಸಗಿಯಲ್ಲಿ ಆ ಕ್ರಮ ಕಡಿಮೆ. ನನಗೆ ಅದು ಅನುಕರಣೆಗೆ ಯೋಗ್ಯ ಎನಿಸಿ, ಕೊನೆಯ ವಾರ ಪಟ್ಟಿ ಹಿಡಿದು ಹೊಸಬರ ಜೊತೆ ಒಂದೊಂದು ಅರೆಯ ಮುಂದೆಯೂ ನಿಂತೆ.

ಸಂಪರ್ಕಗಳ ವಿಷಯದಲ್ಲಿ ಹೆಚ್ಚಿನವರು ಹೆಸರು, ನಂಬರಿನ ಉದ್ದ ಪಟ್ಟಿ ಕೊಡುತ್ತಾರೆ. ಮೂವತ್ತು ನಂಬರಿಗಿಂತ ಏಳು ನಂಬರು ಮೇಲು, ಪ್ರತಿಯೊಂದರ ಮುಂದೆ ಯಾವುದಕ್ಕೆ ಅವರನ್ನು ಕೇಳಬೇಕು ಎಂದಿದ್ದರೆ. ನಮ್ಮ ತೆರಿಗೆ ಸಲಹೆಗಾರರ ಕಚೇರಿಗೆ ಕರೆ ಮಾಡಿದರೆ ಉತ್ತರ ಸಿಗುವುದಿಲ್ಲ, ಅಲ್ಲಿನ ಸಹಾಯಕರಿಗೆ ಬೆಳಿಗ್ಗೆ ಹನ್ನೊಂದರೊಳಗೆ ಮೇಲ್ ಹಾಕಿದರೆ ಅಂದೇ ಆಗುತ್ತದೆ. ಇಂಥದ್ದು ಬೇರೆಲ್ಲೂ ಬರೆದಿರುವುದಿಲ್ಲ. ಬ್ಯಾಂಕಿನಲ್ಲಿ ಓಡಿ ವಿಷಯ ನೋಡುವವರು ಬೇರೆ, ನೆಟ್ ಬ್ಯಾಂಕಿಂಗ್ ನೋಡುವವರು ಬೇರೆ. ಅವರಿಗೆಲ್ಲ ಹೊಸಬರನ್ನು ಪರಿಚಯಿಸಿ ಹೊರಡುವ ಹತ್ತು ದಿನ ಮೊದಲೇ ಒಂದೊಂದು ಮೇಲ್ ಹಾಕಿದರೆ, ಮೊದಲ ಕರೆಯಲ್ಲೇ “ನೀವು ಯಾರು?” ಎಂಬ ಪ್ರಶ್ನೆ ಬರುವುದಿಲ್ಲ.

ಈ ಪಟ್ಟಿಗೆ ಇನ್ನೊಂದು ಉಪಯೋಗವಿದೆ, ನಾನು ತಡವಾಗಿ ಕಲಿತದ್ದು. ಅಕೌಂಟ್ಸಿನಲ್ಲಿ ಜನ ಬದಲಾದ ಸುದ್ದಿ ಹೊರಗೆ ಹೋದ ಹೊತ್ತಿಗೇ “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇಲ್ಲಿಗೆ ಹಾಕಿ” ಎಂದು ಸಪ್ಲೈಯರ್ ಹೆಸರಿನಲ್ಲಿ ಸುಳ್ಳು ಮೇಲ್ ಬರಬಹುದು. ಹೊಸಬರಿಗೆ ಸಪ್ಲೈಯರ್‌ನ ದನಿಯ ಪರಿಚಯವಿರುವುದಿಲ್ಲ, ಮೇಲಿನ ಕೊನೆಯಲ್ಲಿರುವ ನಂಬರಿಗೇ ಕರೆ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ. ಆ ಕಡೆ ಎತ್ತುವವನು ಮೋಸಗಾರನೇ. ಹಾಗಾಗಿ ದೊಡ್ಡ ಪಾವತಿಯ ಸಪ್ಲೈಯರ್‌ಗಳ ಹಳೆಯ, ನಾನು ಬಳಸಿದ ನಂಬರುಗಳನ್ನು ಬೇರೆಯಾಗಿ ಬರೆದು, ಖಾತೆ ಬದಲಾವಣೆಯ ಮಾತು ಬಂದರೆ ಈ ನಂಬರಿಗೆ ಮಾತ್ರ ಕರೆ ಮಾಡಿ ಎಂದು ಸೇರಿಸಿದೆ.

ಇಮೇಲಿನ ತಲೆಬರಹ ಕೂಡ ಹುಡುಕಲು ಸಿಗುವಂತಿರಬೇಕು. ನಾನು ಹಾಕಿದ್ದು “ಅಕೌಂಟ್ಸ್ ಚಾರ್ಜ್ ಹಸ್ತಾಂತರ, ಜೂನ್ 28ರ ಸ್ಥಿತಿ”. ಕಳಿಸಿದ್ದು ಹೊಸಬರಿಗೆ, ಪಾಲುದಾರರಿಗೆ ಮತ್ತು ವಿಭಾಗದ ಸಾಮಾನ್ಯ ಮೇಲ್ ವಿಳಾಸಕ್ಕೆ. ನಾಳೆ ಹೊಸಬರೂ ಬಿಟ್ಟುಹೋದರೆ ಅವರ ಇನ್‌ಬಾಕ್ಸಿನ ಜೊತೆ ಇದು ಹೋಗಬಾರದು. ಹೊಸಬರು ಇನ್ನೂ ಸೇರಿಯೇ ಇಲ್ಲದಿದ್ದರೆ ಈ ಸಾಮಾನ್ಯ ವಿಳಾಸವೇ ಗತಿ. ಮೇಲಿನ ಮೊದಲ ಸಾಲಿನಲ್ಲೇ ಬರುವ ತಿಂಗಳ ತಾರೀಖುಗಳು: 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 18ಕ್ಕೆ ಫಿಕ್ಸ್‌ಚರ್ ಬಿಲ್ಲು, 20ಕ್ಕೆ ಜಿಎಸ್‌ಟಿಆರ್-3ಬಿ ಮತ್ತು ವೃತ್ತಿ ತೆರಿಗೆ. ನಡೆಯುತ್ತಿರುವ ಮಿಕ್ಕ ಕೆಲಸಗಳೆಲ್ಲ ಇವುಗಳ ಕೆಳಗೆ.

ಮೊದಲ ಕರಡನ್ನು ಎರಡು ವಾರ ಮೊದಲೇ ಕಳಿಸಿ ಒಂದು ಮಾತು ಕೇಳಿಕೊಂಡೆ: “ಮೇಡಂ, ಪ್ರತಿ ಲಿಂಕನ್ನೂ ನಿಮ್ಮ ಲಾಗಿನ್ನಿನಿಂದ ತೆರೆದು ನೋಡಿ, ತೆರೆಯದವನ್ನು ಬರೆದು ಕಳಿಸಿ.” ನನ್ನ ಲಾಗಿನ್ನಿನಲ್ಲಿ ಎಲ್ಲವೂ ತೆರೆಯುತ್ತವೆ, ಆ ಪರೀಕ್ಷೆಗೆ ಬೆಲೆಯಿಲ್ಲ. ಸಂಜೆ ಅವರಿಂದ ಉತ್ತರ ಬಂತು. ಸ್ಥಿರಾಸ್ತಿ ಪಟ್ಟಿಗೆ ಅನುಮತಿ ಇಲ್ಲ ಎನ್ನುತ್ತಿದೆ, ಹಸಿರು ಬಾಕ್ಸ್ ಫೈಲು ಅರೆಯಲ್ಲಿಲ್ಲ, ಇಎಸ್‌ಐ ಒಟಿಪಿ ಈಗಲೂ ನಿಮ್ಮ ಫೋನಿಗೇ ಬಂತಾ ನೋಡಿ ಎಂದಿತ್ತು. ಫೋನು ತೆಗೆದು ನೋಡಿದೆ. ಆರು ಅಂಕಿ ಬಂದು ಕೂತಿದ್ದವು. ಹೊರಡಲು ಇನ್ನೂ ಹದಿಮೂರು ದಿನವಿತ್ತು.